ಗ್ರಾಹಕರ ನಾಲ್ಕು ಮಾತು: ಕೇಳಿದ್ದು, ಬರೆದದ್ದು, ಒಪ್ಪಿಗೆ ಪಡೆದದ್ದು

ಅಡಿಕೆ ಒಣಗಿಸುವ ಪಾಲಿಹೌಸ್ ಕಟ್ಟಿಕೊಡುವುದು ನಮ್ಮ ಕೆಲಸ. ಶಿವಮೊಗ್ಗದಲ್ಲಿ ಒಂದು ವೆಲ್ಡಿಂಗ್ ಶೆಡ್ ಇದೆ. ಪೈಪು, ಶೀಟು, ಅಳತೆ ಎಲ್ಲ ನಮ್ಮ ಮನೆಯವರು ನೋಡಿಕೊಳ್ಳುತ್ತಾರೆ. ಕೊಟೇಶನ್, ಬಿಲ್ಲು, ಫೋನು, ವಾಟ್ಸಾಪ್ ನನ್ನ ಪಾಲಿನದು. ಹೊಸಬರು ಫೋನ್ ಮಾಡಿದರೆ ಮೊದಲು ಕೇಳುವುದು ಜಿಐ ಪೈಪಿನ ದಪ್ಪವನ್ನಲ್ಲ. "ನಮ್ಮ ಕಡೆ ಯಾರಿಗೆ ಮಾಡಿಕೊಟ್ಟಿದೀರಿ? ಅವರೆಂತ ಹೇಳ್ತಾರೆ?" ಅಂತಲೇ ಶುರು. ಹಾಗಾಗಿ ಗ್ರಾಹಕರ ಅಭಿಪ್ರಾಯವನ್ನು ನಮ್ಮ ಪೇಜಿನಲ್ಲಿ ಹಾಕಬೇಕೆಂದು ತೀರ್ಮಾನಿಸಿದೆವು. ತೀರ್ಥಹಳ್ಳಿ ತಾಲೂಕಿನ ಒಬ್ಬ ಬೆಳೆಗಾರರ ಮಾತನ್ನು ಹೀಗೆ ಕೇಳಿ, ಬರೆದು, ಹಾಕಿದ ಬಗೆ ಇಲ್ಲಿದೆ. ಅವರನ್ನು ನಾನು ಗೌಡ್ರೇ ಅಂತಲೇ ಕರೆಯುವುದು, ಇಲ್ಲೂ ಹಾಗೆಯೇ ಬರೆಯುತ್ತೇನೆ. ಹೆಸರು ಯಾಕಿಲ್ಲ ಎನ್ನುವುದು ಮುಂದೆ ಗೊತ್ತಾಗುತ್ತದೆ. ಈ ಬರಹವನ್ನೂ ಅವರಿಗೆ ಮತ್ತು ಅವರ ಮನೆಯವರಿಗೆ ಓದಿ ಹೇಳಿಯೇ ಹಾಕುತ್ತಿದ್ದೇನೆ.

ಗೌಡರ ಮನೆಯ ಕೆಲಸ ಮುಗಿದದ್ದು ಗಣೇಶ ಹಬ್ಬದ ಹೊತ್ತಿಗೆ. ಅವತ್ತೇ ಅವರು "ಚೆನ್ನಾಗಾಯ್ತು ಮೇಡಂ" ಅಂದಿದ್ದರು. ಆ ಮಾತನ್ನು ನಾನು ಬರೆದುಕೊಳ್ಳಲಿಲ್ಲ. ಅವತ್ತು ಅವರು ನೋಡಿದ್ದು ನೆಟ್ಟಗೆ ನಿಂತ ಕಂಬ, ಬಿಗಿಯಾಗಿ ಎಳೆದ ಶೀಟು ಅಷ್ಟೆ. ಅಡಿಕೆ ಒಳಗೆ ಬಂದಿರಲಿಲ್ಲ. ನಮ್ಮ ಕಡೆ ಹಸಿ ಅಡಿಕೆ ಸುಲಿದು, ಚೊಗರಿನಲ್ಲಿ ಬೇಯಿಸಿ, ಆಮೇಲೆ ಒಣಗಿಸುವುದು. ಬಿಸಿಲು ಚೆನ್ನಾಗಿದ್ದರೆ ವಾರದೊಳಗೆ ಒಣಗುತ್ತದೆ. ಅಕ್ಟೋಬರ್-ನವೆಂಬರಿನಲ್ಲಿ ಹಿಂಗಾರು ಹಿಡಿದುಕೊಂಡರೆ ಬೇಯಿಸಿದ ಅಡಿಕೆಗೆ ಬೂಷ್ಟು ಬಂದು ಬಣ್ಣ ಕೆಡುತ್ತದೆ, ಮಂಡಿಯಲ್ಲಿ ಅದಕ್ಕೆ ತಕ್ಕ ಹಾಗೆ ದರ ಇಳಿಸುತ್ತಾರೆ. ಪಾಲಿಹೌಸ್ ಬೇಕಾಗುವುದೇ ಆ ದಿನಗಳಿಗೆ. ಆ ಮಳೆ ದಾಟಿದ ಮೇಲೆ ಹೇಳುವ ಮಾತಿಗೆ ಮಾತ್ರ ಅರ್ಥವಿದೆ.

ಸಂಕ್ರಾಂತಿ ಕಳೆದ ಮೇಲೆ ಒಂದು ದಿನ ಗೌಡರೇ ಒಂದು ಫೋಟೋ ಕಳಿಸಿದರು. ಒಣಗಿದ ಅಡಿಕೆಯ ರಾಶಿ, ಕೆಳಗೆ "ಸೂಪರ್" ಎಂದು ಒಂದೇ ಪದ. ಕೇಳುವುದಕ್ಕೆ ಅದಕ್ಕಿಂತ ಒಳ್ಳೆಯ ಹೊತ್ತು ಸಿಗುವುದಿಲ್ಲ ಅನ್ನಿಸಿತು. ಆದರೆ ಆ "ಸೂಪರ್" ಅನ್ನೇ ಸ್ಕ್ರೀನ್‌ಶಾಟ್ ತೆಗೆದು ಹಾಕುವ ಮನಸ್ಸು ಬರಲಿಲ್ಲ. ಅದು ಅವರು ನನಗೆ ಹೇಳಿದ್ದು, ಊರಿಗೆ ಹೇಳಿದ್ದಲ್ಲ. ಇನ್ನೊಬ್ಬ ಬೆಳೆಗಾರನಿಗೆ ಅದರಿಂದ ತಿಳಿಯುವುದೂ ಏನಿಲ್ಲ.

ಮರುದಿನ ಬೆಳಿಗ್ಗೆ, ತೋಟಕ್ಕೆ ಹೋಗಿ ಬಂದು ಕಾಫಿಗೆ ಕೂರುವ ಹೊತ್ತು ನೋಡಿಕೊಂಡು ಈ ಮೆಸೇಜ್ ಕಳಿಸಿದೆ:

"ನಮಸ್ಕಾರ ಗೌಡ್ರೇ. ನಿನ್ನೆ ಕಳಿಸಿದ ಅಡಿಕೆ ಫೋಟೋ ನೋಡಿ ಖುಷಿಯಾಯ್ತು. ಪಾಲಿಹೌಸ್ ಹಾಕಿಸಬೇಕಾ ಬೇಡ್ವಾ ಅಂತ ಯೋಚನೆ ಮಾಡೋರು ನಮ್ಗೆ ತುಂಬಾ ಜನ ಫೋನ್ ಮಾಡ್ತಾರೆ. ಅವರಿಗೆ ನಿಮ್ಮ ಅನುಭವ ನಿಮ್ಮ ಮಾತಲ್ಲೇ ಗೊತ್ತಾದ್ರೆ ಒಳ್ಳೇದು ಅಂತ ಆಸೆ. ಬಿಡುವಾದಾಗ ಈ ನಾಲ್ಕು ವಿಷಯ ಹೇಳ್ತೀರಾ?
ಇದು ಬರೋಕೆ ಮುಂಚೆ ಮಳೇಲಿ ಅಡಿಕೆ ಹೆಂಗೆ ಒಣಗಿಸ್ತಿದ್ರಿ?
ಹಾಕಿಸೋ ಮುಂಚೆ ಎಂತ ಅನುಮಾನ ಇತ್ತು?
ಈ ಸಲದ ಕೊಯ್ಲಲ್ಲಿ ಎಂತ ಬದಲಾಯ್ತು?
ಎಂತ ಸರಿ ಇಲ್ಲ, ಎಂತ ಸರಿ ಮಾಡ್ಬೇಕು?
ಬರೆಯೋದು ಬೇಡ, ವಾಯ್ಸ್ ಮೆಸೇಜ್ ಸಾಕು. ಹೊಗಳಬೇಕು ಅಂತಿಲ್ಲ, ಇದ್ದಂಗೆ ಹೇಳಿ. ನೀವು ಹೇಳಿದ್ದನ್ನ ನಾನು ಬರೆದು ನಿಮ್ಗೆ ತೋರಿಸ್ತೀನಿ. ನೀವು ಸರಿ ಅನ್ನೋವರೆಗೆ ಎಲ್ಲೂ ಹಾಕಲ್ಲ. ಇಷ್ಟ ಇಲ್ಲ ಅಂದ್ರೂ ಬೇಜಾರಿಲ್ಲ, ಸರ್ವೀಸ್ ಎಂದಿನಂತೆ ಇರುತ್ತೆ."

ಆ ನಾಲ್ಕು ಪ್ರಶ್ನೆಗಳಲ್ಲಿ ಎರಡನೆಯದನ್ನು ಯೋಚಿಸಿಯೇ ಸೇರಿಸಿದ್ದು. "ಹೇಗಿದೆ ಹೇಳಿ" ಅಂದರೆ ನಮ್ಮ ಕಡೆಯ ಜನ ಸಂಕೋಚಕ್ಕೆ ಬಿದ್ದು "ಚೆನ್ನಾಗಿದೆ" ಅಂದು ಮುಗಿಸುತ್ತಾರೆ. ಹಾಕಿಸುವ ಮುಂಚಿನ ಅನುಮಾನ ಯಾವುದು ಅಂತ ಕೇಳಿದರೆ ಮಾತು ಬಿಚ್ಚಿಕೊಳ್ಳುತ್ತದೆ. ಪೋಸ್ಟ್ ಓದುವವನ ತಲೆಯಲ್ಲೂ ಅದೇ ಅನುಮಾನ ಇರುತ್ತದೆ. ನಾಲ್ಕನೆಯದು, ಸರಿ ಇಲ್ಲದ್ದು ಏನು ಎಂಬುದು, ಕೆಲಸಕ್ಕೂ ಬೇಕು, ನಂಬಿಕೆಗೂ ಬೇಕು. ಮೆಸೇಜಿನಲ್ಲಿ ರಿಯಾಯಿತಿಯ ಮಾತು ಎತ್ತಲೇ ಇಲ್ಲ. ಮುಂದಿನ ಶೀಟು ಬದಲಾವಣೆಗೆ ಇಷ್ಟು ಬಿಡುತ್ತೇವೆ ಎಂದುಬಿಟ್ಟರೆ ಆಮೇಲೆ ಬರುವ ಮಾತಿಗೆ ಬೆಲೆ ಕಟ್ಟಿದ ಹಾಗಾಗುತ್ತದೆ. ಕೊಟ್ಟಿದ್ದೇ ಆದರೆ ಅದನ್ನು ಪೋಸ್ಟಿನಲ್ಲಿ ಹೇಳಲೇಬೇಕು. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರಲ್ಲಿ ಹೊರಡಿಸಿದ ಜಾಹೀರಾತು ಮಾರ್ಗಸೂಚಿಯೂ ಇದನ್ನೇ ಹೇಳುತ್ತದೆ: ಮೆಚ್ಚುಗೆಯ ಮಾತು ಹೇಳಿದವರ ನಿಜವಾದ, ಈಚಿನ ಅಭಿಪ್ರಾಯವಾಗಿರಬೇಕು, ಅನುಭವದ ಮೇಲೆ ನಿಂತಿರಬೇಕು, ಜನ ಆ ಮಾತಿಗೆ ಕೊಡುವ ಬೆಲೆಯನ್ನು ಬದಲಿಸುವಂಥ ಸಂಬಂಧ ಇಬ್ಬರ ನಡುವೆ ಇದ್ದರೆ ಅದನ್ನು ಮುಚ್ಚಿಡಬಾರದು.

ಗೌಡರಿಂದ ಎರಡು ದಿನ ಸದ್ದಿಲ್ಲ. ಆಮೇಲೆ ರಾತ್ರಿ ಊಟದ ನಂತರ ಒಂದು ಉದ್ದನೆಯ ವಾಯ್ಸ್ ಮೆಸೇಜ್ ಬಂತು. ಹಿಂದೆ ಟಿವಿ ಸದ್ದು, ನಡುವೆ ಅವರ ಮನೆಯವರ ಮಾತು. ಅದನ್ನು ಕೇಳುತ್ತಾ, ನಿಲ್ಲಿಸುತ್ತಾ, ಮೊದಲು ಹೇಳಿದ್ದನ್ನು ಹೇಳಿದ ಹಾಗೆಯೇ ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ಒಂದು ಭಾಗ ಹೀಗಿತ್ತು:

"ಎಂತ ಹೇಳದು ಮೇಡಂ, ಮುಂಚೆ ಅಂಗಳದಲ್ಲೇ ಹಾಕದು. ಮಳೆ ಹನಿತು ಅಂದ್ರೆ ಎಲ್ಲ ರಾಶಿ ಮಾಡಿ ಟಾರ್ಪಲ್ ಮುಚ್ಚದು. ರಾತ್ರಿ ಮಳೆ ಬಂದ್ರೆ ನಮ್ಮನೇರು ಎದ್ದು ಓಡೋರು, ನಂಗೆ ನಿದ್ದೆ ಜಾಸ್ತಿ. ಹಾಕ್ಸೋಕೆ ಮುಂಚೆ ನಂಗೆ ಹೆದ್ರಿಕೆ ಇದ್ದಿದ್ದು ಗಾಳಿದು. ನಮ್ದು ಗುಡ್ಡದ ಮೇಲೆ, ಗಾಳಿಗೆ ಶೀಟು ಹರ್ಕಂಡ್ ಹೋದ್ರೆ ಅಂತ. ಏನೂ ಆಗ್ಲಿಲ್ಲ. ಬೂಷ್ಟೇ ಬರಲ್ಲ ಮೇಡಂ ಇದ್ರಲ್ಲಿ. ಆ ಪಕ್ಕದ ಪರದೆ ಸುತ್ತೋ ಹಿಡಿಕೆ ಮಾತ್ರ ಗಟ್ಟಿ ಆಗತ್ತೆ, ಅದೊಂದು ನೋಡಿ."

ಇದರ ಜೊತೆಗೆ ಈ ಸಲ ಎಷ್ಟು ಕ್ವಿಂಟಾಲ್ ಆಯಿತು, ಯಾವ ದರಕ್ಕೆ ಹೋಯಿತು, ಪಕ್ಕದ ಊರಿನವರು ಬೇರೆ ಕಡೆ ಮಾಡಿಸಿದ್ದು ಹೇಗೆ ಸೋರುತ್ತದೆ, ಎಲ್ಲವೂ ಇತ್ತು.

ಮಾತನ್ನು ಬರಹ ಮಾಡುವಾಗ ನಾನು ಇಟ್ಟುಕೊಂಡ ಕಟ್ಟಳೆ ಇಷ್ಟು: ಬಿಡಬಹುದು, ಸೇರಿಸಬಾರದು. ಎರಡೆರಡು ಸಲ ಬಂದದ್ದನ್ನು ಒಮ್ಮೆ ಇಡಬಹುದು. ಅವರು ಬಳಸದ ಪದವನ್ನು ಅವರ ಬಾಯಿಗೆ ತುರುಕಬಾರದು. "ನಿದ್ದೆಗೆಟ್ಟು ಪರದಾಡುವುದು ತಪ್ಪಿತು" ಅಂತ ಬರೆದರೆ ಚೆಂದ ಕಾಣುತ್ತದೆ, ಆದರೆ ಅದು ನನ್ನ ವಾಕ್ಯ. "ಹರ್ಕಂಡ್ ಹೋದ್ರೆ" ಎನ್ನುವುದನ್ನು ಪುಸ್ತಕದ ಕನ್ನಡಕ್ಕೆ ತಿದ್ದಲಿಲ್ಲ. ಹಾಗೆ ತಿದ್ದಿದ ಮಾತು ನಮ್ಮ ಕರಪತ್ರದ ಮಾತಿನಂತಾಗುತ್ತದೆ, ತೀರ್ಥಹಳ್ಳಿ ಕಡೆಯವರು ಓದಿದರೆ ಇದು ಯಾರೋ ಬರೆದುಕೊಟ್ಟದ್ದು ಅಂತ ತಕ್ಷಣ ಹಿಡಿಯುತ್ತಾರೆ.

ಬಿಡುವುದರಲ್ಲಿ ಕೆಲವು ಸುಲಭ. ಪಕ್ಕದ ಊರಿನವರ ಪಾಲಿಹೌಸ್ ಸೋರುವ ವಿಷಯ ನಮಗೆ ಅನುಕೂಲದ್ದೇ, ಆದರೆ ಮಾಡಿಸಿದವರನ್ನಾಗಲಿ ಮಾಡಿಕೊಟ್ಟವರನ್ನಾಗಲಿ ಕೇಳದೆ ಅದನ್ನು ಹಾಕುವಂತಿಲ್ಲ. ಕ್ವಿಂಟಾಲ್, ದರ ಎರಡನ್ನೂ ನಾನೇ ಕೈಬಿಟ್ಟೆ. ಗೌಡರು ಮಾತಿನ ಭರದಲ್ಲಿ ಹೇಳಿದ್ದು. ಮನೆಯಲ್ಲಿ ಎಷ್ಟು ಅಡಿಕೆ ಇದೆ, ಎಷ್ಟು ದುಡ್ಡು ಬಂತು ಎನ್ನುವುದು ಮಲೆನಾಡಿನಲ್ಲಿ ಒಂಟಿ ಮನೆಯವರು ಊರಿಗೆ ಸಾರುವ ವಿಷಯವಲ್ಲ. ಅಡಿಕೆ ಕಳ್ಳತನದ ಸುದ್ದಿ ಕೊಯ್ಲಿನ ಕಾಲದಲ್ಲಿ ಪತ್ರಿಕೆಯಲ್ಲಿ ಬರುತ್ತಲೇ ಇರುತ್ತದೆ.

ನನ್ನನ್ನು ತಡೆದು ನಿಲ್ಲಿಸಿದ್ದು "ಬೂಷ್ಟೇ ಬರಲ್ಲ" ಎಂಬ ಮಾತು. ಮಾರಾಟದ ದೃಷ್ಟಿಯಿಂದ ಅದಕ್ಕಿಂತ ಒಳ್ಳೆಯ ಸಾಲಿಲ್ಲ. ಆದರೆ ಅದು ಪೂರ್ತಿ ನಿಜವಲ್ಲ ಅಂತ ಕಟ್ಟಿಕೊಡುವ ನಮಗೆ ಗೊತ್ತು. ಬೇಯಿಸಿದ ಅಡಿಕೆಯಿಂದ ಹೊರಡುವ ಆವಿ ಹೊರಗೆ ಹೋಗಬೇಕು. ಮಳೆ ಅಂತ ಪಕ್ಕದ ಪರದೆಗಳನ್ನು ಪೂರ್ತಿ ಇಳಿಸಿ, ಮೇಲಿನ ಕಿಂಡಿಯನ್ನೂ ಮುಚ್ಚಿದರೆ ಶೀಟಿನ ಒಳಮೈಯಲ್ಲಿ ನೀರು ಹನಿಗಟ್ಟಿ ಅಡಿಕೆ ಮೇಲೆ ತೊಟ್ಟಿಕ್ಕುತ್ತದೆ. ದಪ್ಪಗೆ ಹರವಿದ್ದರೆ ಕೆಳಗಿನ ಪದರಕ್ಕೆ ಗಾಳಿ ತಾಗುವುದಿಲ್ಲ. ಈ ಎರಡರಲ್ಲಿ ಒಂದಾದರೂ ಬೂಷ್ಟು ಬರುತ್ತದೆ. ಗೌಡರ ಮಾತನ್ನು ನಂಬಿ ಹಾಕಿಸಿಕೊಂಡವರಿಗೆ ಮೊದಲ ಮಳೆಯಲ್ಲೇ ಬೂಷ್ಟು ಕಂಡರೆ ಅವರು ಬೈಯುವುದು ನಮ್ಮನ್ನಷ್ಟೇ ಅಲ್ಲ, ಗೌಡರನ್ನೂ.

ಮಾತನ್ನು ನಾನೇ ತಿದ್ದುವಂತಿಲ್ಲ, ಹಾಗೇ ಹಾಕುವಂತೆಯೂ ಇಲ್ಲ. ಫೋನ್ ಮಾಡಿದೆ.

"ಗೌಡ್ರೇ, ಬೂಷ್ಟೇ ಬರಲ್ಲ ಅಂದ್ರಲ್ಲ, ಈ ಸಲ ಒಂದು ದಿನಾನೂ ಕಾಣಲಿಲ್ವಾ?"

"ಕಾಣಲಿಲ್ಲ ಅಂತಲ್ಲ. ದೀಪಾವಳಿ ಹೊತ್ತಿಗೆ ಮಳೆ ಬಂತಲ್ಲ, ಅವಾಗ ಮೂಲೇಲಿ ಸ್ವಲ್ಪ ಬೆಳ್ಳಗಾಗಿತ್ತು. ಪರದೆ ಇಳಿಸಿಬಿಟ್ಟಿದ್ವಿ. ಆಮೇಲೆ ನಿಮ್ಮೋರು ಹೇಳ್ದಂಗೆ ಮಳೆ ಹೊಡೀದಿರೋ ಬದಿ ಮೇಲೆತ್ತಿ ಫ್ಯಾನ್ ಹಾಕಿದ್ವಿ, ಸರಿ ಹೋಯ್ತು."

"ಇದನ್ನೂ ಬರೀಲಾ?"

"ಬರೀರಿ, ಅದೇ ಅಲ್ವ ಬೇರೆಯೋರಿಗೆ ಉಪಯೋಗಕ್ಕೆ ಬರದು."

ಮೊದಲಿನ ಸಾಲಿನ ಜಾಗದಲ್ಲಿ ಈ ಮಾತು ಕೂತಿತು. ಓದುವವನಿಗೆ ಇದರಿಂದ ಒಂದು ಕೆಲಸದ ವಿಷಯ ಸಿಕ್ಕಿತು, ಪಾಲಿಹೌಸ್ ಅಂದರೆ ಮುಚ್ಚಿಡುವ ಡಬ್ಬ ಅಲ್ಲ ಎನ್ನುವುದೂ ತಿಳಿಯಿತು.

ಇನ್ನೊಂದು ವಿಷಯ ಗೌಡರ ಮನೆಯವರದ್ದು. ಇಡೀ ಮಾತಿನಲ್ಲಿ ಜೀವ ಇದ್ದದ್ದು "ರಾತ್ರಿ ಮಳೆ ಬಂದ್ರೆ ನಮ್ಮನೇರು ಎದ್ದು ಓಡೋರು" ಎಂಬಲ್ಲಿ. ಹೇಳಿದವರು ಗೌಡರು, ಓಡಿದವರು ಅವರು. ಗಂಡ ಒಪ್ಪಿದರೆ ಹೆಂಡತಿಯೂ ಒಪ್ಪಿದ ಹಾಗೆ ಅಂತ ನಾನು ತಿಳಿಯಲಾರೆ. ಅಮ್ಮನಿಗೆ ಫೋನ್ ಕೊಡಿ ಅಂದೆ. ಆ ಸಾಲನ್ನು ಓದಿ ಹೇಳಿದೆ. ಅವರು ಮೊದಲು ನಕ್ಕರು. ಆಮೇಲೆ, "ನಾನೊಬ್ಳೇ ಅಲ್ಲ ಮಾರಾಯ್ತಿ, ನಮ್ಮತ್ತೇನೂ ಏಳೋರು, ಕೆಲಸದೋರು ಇದ್ರೆ ಅವ್ರೂ ಏಳೋರು. ಈಗ ಮಳೆ ಸದ್ದು ಕೇಳಿದ್ರೂ ಮಗ್ಗುಲು ಬದಲಾಯಿಸಿ ಮಲಗ್ತೀನಿ, ಅದನ್ನ ಬರಿ" ಅಂದರು. ತಮ್ಮ ಫೋಟೋ ಮಾತ್ರ ಬೇಡ ಅಂದರು. ನಾನು ಕೇಳಿರಲಿಲ್ಲ, ಅವರೇ ಹೇಳಿದ್ದು ಒಳ್ಳೆಯದಾಯಿತು.

ಬರಹ ಸಿದ್ಧವಾದ ಮೇಲೆ ಒಪ್ಪಿಗೆ ಕೇಳುವ ಮೆಸೇಜ್. ಮೊದಲು ಪೋಸ್ಟಿನ ಪೂರ್ತಿ ಪಠ್ಯವನ್ನು, ಫೋಟೋ ಸಮೇತ, ಹೇಗೆ ಕಾಣುತ್ತದೋ ಹಾಗೆಯೇ ಕಳಿಸಿದೆ. "ನೀವು ಹೇಳಿದ್ದನ್ನ ಹಾಕ್ಲಾ" ಅಂತ ಮೊಗಮ್ಮಾಗಿ ಕೇಳಿ ಹೂಂ ಅನ್ನಿಸಿಕೊಂಡರೆ, ಅವರು ಹೂಂ ಅಂದದ್ದು ಯಾವುದಕ್ಕೆ ಅಂತ ಆಮೇಲೆ ಯಾರಿಗೂ ಗೊತ್ತಿರುವುದಿಲ್ಲ. ಅದರ ಕೆಳಗೆ:

"ಗೌಡ್ರೇ, ಮೇಲಿರೋದನ್ನ ಪೂರ್ತಿ ಓದಿ, ಅಮ್ಮನಿಗೂ ಓದಿ ಹೇಳಿ. ತಪ್ಪಿದ್ರೆ ತಿದ್ದಿ. ಆಮೇಲೆ ಒಂದೊಂದಕ್ಕೂ ಹೂಂ ಅಥವಾ ಬೇಡ ಅಂತ ಹೇಳಿ:
1. ಈ ಬರಹ ಹೀಗೇ ಹಾಕಬಹುದಾ?
2. ನಿಮ್ಮ ಹೆಸರು, ಊರು ಹಾಕಬಹುದಾ? ಬೇಡ ಅಂದ್ರೆ ತಾಲೂಕು ಮಾತ್ರ ಹಾಕ್ತೀನಿ.
3. ನೀವು ಕಳಿಸಿದ ಅಡಿಕೆ ಫೋಟೋ ಹಾಕಬಹುದಾ?
4. ನಮ್ಮ ಫೇಸ್‌ಬುಕ್ ಪೇಜ್, ವಾಟ್ಸಾಪ್ ಸ್ಟೇಟಸ್ ಎರಡರಲ್ಲೂ ಹಾಕಬಹುದಾ?
5. ಕೃಷಿಮೇಳದ ಸ್ಟಾಲಲ್ಲಿ ಫ್ಲೆಕ್ಸ್ ಮಾಡಿ ಹಾಕಬಹುದಾ?
ಯಾವಾಗ ಬೇಡ ಅನ್ನಿಸಿದ್ರೂ ಇಲ್ಲೇ ಒಂದು ಮೆಸೇಜ್ ಹಾಕಿ, ಅವತ್ತೇ ತೆಗೀತೀನಿ. ಕಾರಣ ಹೇಳೋದು ಬೇಡ."

ಬಂದದ್ದು ಒಂದು ಹೆಬ್ಬೆರಳು. 👍

ಐದು ಪ್ರಶ್ನೆಗೆ ಒಂದು ಹೆಬ್ಬೆರಳು ಬಂದರೆ ಅದನ್ನು ಯಾವುದಕ್ಕೆ ಅಂತ ಎಣಿಸುವುದು? ಓದಿದೆ ಎನ್ನುವುದಕ್ಕೂ ಜನ ಅದನ್ನೇ ಒತ್ತುತ್ತಾರೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಒಪ್ಪಿಗೆ ಎಂದರೆ ಒತ್ತಾಯವಿಲ್ಲದ, ಇಂಥದ್ದಕ್ಕೇ ಎಂದು ನಿರ್ದಿಷ್ಟವಾದ, ತಿಳಿದು ಕೊಟ್ಟ, ಅನುಮಾನಕ್ಕೆ ಎಡೆಯಿಲ್ಲದ ಒಪ್ಪಿಗೆ ಎನ್ನುತ್ತದೆ. ಕೊಟ್ಟಷ್ಟೇ ಸುಲಭವಾಗಿ ಅದನ್ನು ಹಿಂದಕ್ಕೆ ಪಡೆಯುವಂತಿರಬೇಕು ಎಂದೂ ಹೇಳುತ್ತದೆ. ಕಾಯ್ದೆಯ ಮಾತು ಹಾಗಿರಲಿ, ಗೌಡರು ಮುಂದಿನ ಸಲ ಎದುರು ಸಿಕ್ಕಾಗ ನನಗೆ ಮುಜುಗರ ಆಗಬಾರದು. ಸಂಜೆ ಮತ್ತೆ ಫೋನ್ ಮಾಡಿ ಒಂದೊಂದಾಗಿ ಓದಿ ಕೇಳಿದೆ.

ಬರಹಕ್ಕೆ ಹೂಂ. ಹೆಸರಿಗೆ ಬೇಡ: "ಸೊಸೈಟಿ, ಸಂಘ ಅಂತ ಓಡಾಡೋನು ನಾನು. ಕಮಿಷನ್ ತಗಂಡು ಹೇಳಿದಾನೆ ಅಂತಾರೆ." ಪೇಜು, ಸ್ಟೇಟಸ್ಸಿಗೆ ಹೂಂ. ಫ್ಲೆಕ್ಸಿಗೆ ಬೇಡವೇ ಬೇಡ. ಫೋಟೋ ಹಾಕಬಹುದು, ಆದರೆ ಹಿಂದೆ ಮನೆ ಕಾಣಬಾರದು. ಆ ಫೋಟೋವನ್ನು ನಾನು ಅಷ್ಟು ಸಲ ನೋಡಿದ್ದರೂ ಆಗ ದೊಡ್ಡದು ಮಾಡಿ ಮತ್ತೆ ನೋಡಿದೆ. ಅಡಿಕೆ ರಾಶಿಯ ಹಿಂದೆ ಎಡಬದಿಗೆ ಜೀಪಿನ ನಂಬರ್ ಪ್ಲೇಟ್, ಅದರಾಚೆ ಮನೆಯ ಜಗಲಿ. ಹೆಸರು ಮರೆಮಾಡಿ ಈ ಫೋಟೋ ಹಾಕಿದ್ದರೆ ಆ ಕಡೆಯವರು ಮನೆಯ ಗುರುತು ಹಿಡಿಯುತ್ತಿದ್ದರು. ಅಡಿಕೆ ಮಾತ್ರ ಉಳಿಯುವ ಹಾಗೆ ಕತ್ತರಿಸಿ, ಕತ್ತರಿಸಿದ್ದನ್ನು ಕಳಿಸಿ, "ಇದು ಸರಿ, ಹಾಕಿ" ಅಂತ ಬರವಣಿಗೆಯಲ್ಲೇ ಉತ್ತರ ತರಿಸಿಕೊಂಡೆ. ಫೋನಿನಲ್ಲಿ ಹೇಳಿದ ಐದೂ ಉತ್ತರಗಳನ್ನು ನಾನೇ ಒಂದು ಮೆಸೇಜಿನಲ್ಲಿ ಬರೆದು ಅವರಿಗೆ ಕಳಿಸಿದೆ, ಅದಕ್ಕೂ "ಹೌದು" ಅಂತ ಬಂತು. ವಾಯ್ಸ್ ಮೆಸೇಜ್, ಈ ಮೆಸೇಜುಗಳ ಸ್ಕ್ರೀನ್‌ಶಾಟ್, ಕೊನೆಯ ಪಠ್ಯ ಎಲ್ಲ ಈಗ ಅವರ ಬಿಲ್ಲಿನ ಫೋಲ್ಡರಿನಲ್ಲೇ ಇವೆ.

ಹಾಕಿದ ಪೋಸ್ಟ್ ಇದು:

"ಮುಂಚೆ ಅಂಗಳದಲ್ಲೇ ಹಾಕದು. ಮಳೆ ಹನಿತು ಅಂದ್ರೆ ಎಲ್ಲ ರಾಶಿ ಮಾಡಿ ಟಾರ್ಪಲ್ ಮುಚ್ಚದು. ಹಾಕ್ಸೋಕೆ ಮುಂಚೆ ನಂಗೆ ಹೆದ್ರಿಕೆ ಇದ್ದಿದ್ದು ಗಾಳಿದು. ನಮ್ದು ಗುಡ್ಡದ ಮೇಲೆ, ಗಾಳಿಗೆ ಶೀಟು ಹರ್ಕಂಡ್ ಹೋದ್ರೆ ಅಂತ. ಏನೂ ಆಗ್ಲಿಲ್ಲ. ದೀಪಾವಳಿ ಹೊತ್ತಿಗೆ ಮಳೆ ಬಂತಲ್ಲ, ಅವಾಗ ಮೂಲೇಲಿ ಸ್ವಲ್ಪ ಬೆಳ್ಳಗಾಗಿತ್ತು. ಪರದೆ ಇಳಿಸಿಬಿಟ್ಟಿದ್ವಿ. ಆಮೇಲೆ ಮಳೆ ಹೊಡೀದಿರೋ ಬದಿ ಮೇಲೆತ್ತಿ ಫ್ಯಾನ್ ಹಾಕಿದ್ವಿ, ಸರಿ ಹೋಯ್ತು. ಪಕ್ಕದ ಪರದೆ ಸುತ್ತೋ ಹಿಡಿಕೆ ಮಾತ್ರ ಗಟ್ಟಿ ಆಗತ್ತೆ."
ಅವರ ಮನೆಯವರು ಹೇಳಿದ್ದು: "ಈಗ ಮಳೆ ಸದ್ದು ಕೇಳಿದ್ರೂ ಮಗ್ಗುಲು ಬದಲಾಯಿಸಿ ಮಲಗ್ತೀನಿ."
ಅಡಿಕೆ ಬೆಳೆಗಾರರು, ತೀರ್ಥಹಳ್ಳಿ ತಾಲೂಕು. ಒಂದು ಕೊಯ್ಲಿನ ಅನುಭವ. ಮಾತನ್ನು ಚಿಕ್ಕದು ಮಾಡಿ, ಅವರ ಒಪ್ಪಿಗೆ ಪಡೆದು ಹಾಕಿದೆ. ಇದಕ್ಕಾಗಿ ಹಣ, ರಿಯಾಯಿತಿ ಏನೂ ಕೊಟ್ಟಿಲ್ಲ. ಹಿಡಿಕೆಗೆ ಗ್ರೀಸ್ ಹಾಕಿ ಸರಿ ಮಾಡಿಕೊಟ್ಟಿದ್ದೇವೆ.

"ಒಂದು ಕೊಯ್ಲಿನ ಅನುಭವ" ಎಂದು ಬರೆದದ್ದಕ್ಕೆ ಕಾರಣ ಇದೆ. ಶೀಟಿನ ಬಾಳಿಕೆ ಗೊತ್ತಾಗುವುದು ಕೆಲವು ವರ್ಷದ ಬಿಸಿಲು ತಿಂದ ಮೇಲೆ. ಮೊದಲ ವರ್ಷದ ಮಾತನ್ನು ನಾಲ್ಕನೇ ವರ್ಷವೂ ತೋರಿಸಿದರೆ ಅದು ಹಳಸಿದ ಸಾಕ್ಷಿ. ಹಿಡಿಕೆಯ ದೂರನ್ನು ಹಾಕುವುದು ಬೇಡ ಅಂತ ನಮ್ಮ ಮನೆಯವರು ಮೊದಲು ಹಿಂದೇಟು ಹಾಕಿದ್ದರು. ಫೋನ್ ಮಾಡಿದವರಲ್ಲಿ ಕೆಲವರು ಅದನ್ನೇ ಎತ್ತಿ "ಹಿಡಿಕೆ ಈಗ ಹೆಂಗಿದೆ" ಅಂತ ಕೇಳಿದ ಮೇಲೆ, ಜನ ಪೂರ್ತಿ ಓದಿದ್ದಾರೆ ಅಂತ ಅವರಿಗೂ ಸಮಾಧಾನವಾಯಿತು.

ಬೆಳೆಗಾರರ ನಂಬರ್ ಕೊಡಿ, ನೇರ ಮಾತಾಡ್ತೀವಿ ಅಂದವರೂ ಇದ್ದರು. ಅವರು ಕೇಳುವುದು ನ್ಯಾಯವೇ. ಆದರೆ ಪೋಸ್ಟ್ ಹಾಕಲು ಕೊಟ್ಟ ಒಪ್ಪಿಗೆಯಲ್ಲಿ ನಂಬರ್ ಸೇರಿಲ್ಲ. ಕೇಳಿದವರ ನಂಬರನ್ನು, ಅವರ ಒಪ್ಪಿಗೆಯ ಮೇಲೆ, ಗೌಡರಿಗೆ ಕಳಿಸುತ್ತೇನೆ. ಮನಸ್ಸಾದರೆ ಗೌಡರೇ ಫೋನ್ ಮಾಡುತ್ತಾರೆ. ಒಂದಿಬ್ಬರನ್ನು ಮನೆಗೇ ಕರೆದು ತೋರಿಸಿದ್ದಾರೆ.

ಕಳೆದ ತಿಂಗಳು ನಮಗೆ ಶೀಟು ಕೊಡುವವರು ಈ ಪೋಸ್ಟ್ ನೋಡಿ, ತಮ್ಮ ಜಾಹೀರಾತಿಗೂ ಬಳಸಿಕೊಳ್ಳುತ್ತೇವೆ ಅಂದರು. ಬರೆದದ್ದು ನಾನಾದರೂ ಮಾತು ನನ್ನದಲ್ಲ. ಗೌಡರನ್ನು ಕೇಳಿದೆ. "ನಿಮ್ ಪೇಜಿಗೆ ಅಂತ ಹೇಳಿದ್ದು. ಅವ್ರು ಯಾರೋ ಎಂತೋ, ಬೇಡ ಮೇಡಂ" ಅಂದರು. ಬೇಡ ಅಂದಿದ್ದಾರೆ ಅಂತ ಶೀಟಿನವರಿಗೆ ಬರೆದು, ಆ ಮೆಸೇಜನ್ನೂ ಅದೇ ಫೋಲ್ಡರಿಗೆ ಹಾಕಿದ್ದೇನೆ.